ಕಥೆಗೆ ಸಲಹೆ ಬೇಕು: ಒಂದು ತಪ್ಪು ಮೆಸೇಜು, ಒಂದೇ ಹೊತ್ತಿಗೆ ಇಬ್ಬರು ಗಿರಾಕಿಗಳು

ತುಂಗಾತೀರ
ಸಣ್ಣಕಥೆಯೊಂದು ಅರ್ಧಕ್ಕೆ ನಿಂತಿದೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಒಂದು ಮ್ಯಾಚಿಂಗ್ ಸೆಂಟರ್. ಲೈನಿಂಗ್, ಫಾಲ್ಸ್, ದಾರ, ಲೇಸು ಮಾರುವ ಮಾಮೂಲಿ ಅಂಗಡಿ. ಬ್ಲೌಸ್ ಹೊಲಿಗೆಯನ್ನೂ ಒಪ್ಪಿಕೊಳ್ತಾನೆ, ಹಿಂದಿನ ಕೋಣೆಯಲ್ಲಿ ಒಬ್ಬ ಟೈಲರ್ ಕೂತು ಹೊಲಿಯುತ್ತಾನೆ. ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ, ಕಥೆ ನಡೆಯೋದು ಬುಧವಾರ ಸಂಜೆ.

ಇಬ್ಬರು ಗಿರಾಕಿಗಳು. ಒಬ್ಬರು ಹೈಸ್ಕೂಲ್ ಟೀಚರ್, ಇನ್ನೊಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡೋರು. ಅಂಗಡಿಯವನು ಇಬ್ಬರಿಗೂ ಬೇರೆ ಬೇರೆ ಹೊತ್ತು ಕೊಡಬೇಕು ಅಂದುಕೊಂಡು ವಾಟ್ಸಾಪ್ ಮಾಡ್ತಾನೆ. ಮೆಸೇಜಿನಲ್ಲಿ ತಪ್ಪಾಗಿ ಇಬ್ಬರೂ ಸಂಜೆ ಐದೂವರೆಗೆ ಬಂದು ನಿಲ್ತಾರೆ. ಈಗ ಬರೆದಿರುವಂತೆ ಅವನು ಬ್ರಾಡ್‌ಕಾಸ್ಟ್ ಲಿಸ್ಟಿಗೆ ಮೆಸೇಜ್ ಹಾಕಿಬಿಡ್ತಾನೆ, ಅದೇ ತಪ್ಪು. ಓದಿದ ಸ್ನೇಹಿತರು "ನಂಬೋಕಾಗಲ್ಲ" ಅಂದ್ರು. ಏನು ಸರಿಯಿಲ್ಲ ಹೇಳಿ. ಟೈಲರಿಂಗ್ ಗೊತ್ತಿರುವವರು ಇದ್ದರೆ ಇನ್ನೂ ಒಳ್ಳೆಯದು.

ಎರಡುಟಿಕ್ಕು
ಸ್ನೇಹಿತರು ಹೇಳಿದ್ದು ಸರಿ. ಬ್ರಾಡ್‌ಕಾಸ್ಟ್ ಮಾಡಿದ್ರೆ ಇಬ್ಬರಲ್ಲ, ಲಿಸ್ಟಿನಲ್ಲಿ ಇರೋ ಐವತ್ತು ಜನಕ್ಕೂ ಹೋಗುತ್ತೆ. ಹಬ್ಬದ ವಾರ ಬೇರೆ, ಅಂಗಡಿ ಮುಂದೆ ಜಾತ್ರೆ ಆಗಬೇಕಿತ್ತು. ಇನ್ನೊಂದು, ಅಂಗಡಿ ನಂಬರನ್ನ ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಬ್ರಾಡ್‌ಕಾಸ್ಟ್ ತಲುಪೋದು. ಮಾಡಿಕೊಳ್ಳದವರಿಗೆ ಹೋಗೋದೇ ಇಲ್ಲ. ಸರಿಯಾಗಿ ಇಬ್ಬರೇ ಬರಬೇಕು ಅಂದ್ರೆ ಬೇರೆ ತಪ್ಪು ಹುಡುಕಿ.

ಅದೂ ಅಲ್ಲದೆ ಮೆಸೇಜ್ ತಪ್ಪಾಗಿದ್ದು ಗೊತ್ತಾದ ತಕ್ಷಣ ಡಿಲೀಟ್ ಮಾಡಬಹುದಲ್ಲ? ಏಳು ನಿಮಿಷ ಟೈಮ್ ಇರುತ್ತೆ.

ನಾಗಂದಿಗೆ
ಏಳು ನಿಮಿಷ ಹಳೇ ಕಾಲದ್ದು. ಈಗ ಎರಡು ದಿನದ ಮೇಲೂ ಎಲ್ಲರಿಗೂ ಡಿಲೀಟ್ ಮಾಡಬಹುದು. ತಿದ್ದೋಕೆ ಮಾತ್ರ 15 ನಿಮಿಷ, ಅದು ಬಂದಿದ್ದು 2023ರಲ್ಲಿ. ಆದರೆ ಡಿಲೀಟ್ ಮಾಡಿದ್ರೆ "ಈ ಮೆಸೇಜ್ ಅಳಿಸಲಾಗಿದೆ" ಅಂತ ಗುರುತು ಉಳಿಯುತ್ತೆ, ತಿದ್ದಿದ್ರೂ ತಿದ್ದಿದ್ದಾರೆ ಅಂತ ಕಾಣುತ್ತೆ. ಹಬ್ಬಕ್ಕೆ ಎರಡು ದಿನ ಇರುವಾಗ ಟೈಲರ್ ಅಂಗಡಿಯಿಂದ ಮೆಸೇಜ್ ಬಂದು ಅಳಿಸಿಹೋಗಿದೆ ಅಂದ್ರೆ ಯಾವ ಗಿರಾಕಿ ಸುಮ್ಮನೆ ಕೂತಾರು? ತಕ್ಷಣ ಫೋನ್ ಮಾಡ್ತಾರೆ.

ಹಾಗಾಗಿ ಕಥೆಗೆ ಬೇಕಾದ ತಪ್ಪು ಕಳಿಸಿದವನಿಗೇ ತಪ್ಪು ಅಂತ ಗೊತ್ತಾಗದಂಥದ್ದು. ಅವನ ಕಣ್ಣಿಗೆ ಮೆಸೇಜ್ ಸರಿಯಾಗೇ ಇರಬೇಕು. ಓದುವವರ ಕಣ್ಣಿಗೂ ಸರಿಯಾಗೇ ಇರಬೇಕು. ಇಬ್ಬರ ಅರ್ಥ ಮಾತ್ರ ಬೇರೆ.

ಹಳ್ಳಿಮೇಷ್ಟ್ರು
ಬಿಲ್ ಇದೆಯಲ್ಲ? ಹೇಳಿದ ಸಮಯಕ್ಕೆ ಹೊಲಿದು ಕೊಡದಿದ್ದರೆ ಅದು ಸೇವಾ ನ್ಯೂನತೆ. ಜಿಲ್ಲಾ ಗ್ರಾಹಕರ ವಿವಾದ ಪರಿಹಾರ ಆಯೋಗಕ್ಕೆ ದೂರು ಕೊಡಿ. ಬಿಲ್ಲು, ವಾಟ್ಸಾಪ್ ಸ್ಕ್ರೀನ್‌ಶಾಟ್ ಎರಡೂ ಇಟ್ಟುಕೊಳ್ಳಿ.

ನಾಗಂದಿಗೆ
ಮೇಷ್ಟ್ರೇ, ಅದು ಕಥೆ.

ಹಳ್ಳಿಮೇಷ್ಟ್ರು
ಓ ಹೌದಾ. ಆದರೂ ಬಿಲ್ ಇಟ್ಟುಕೊಳ್ಳಲಿ.

ಕತ್ತರಿಕೈ
ಮೆಸೇಜ್ ವಿಷಯ ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳಿ: ಇಬ್ಬರು ಒಟ್ಟಿಗೆ ಬಂದ್ರೆ ಏನಾಯ್ತು? ಇದು ಡಾಕ್ಟರ ಶಾಪಲ್ಲ. ಮ್ಯಾಚಿಂಗ್ ಸೆಂಟರಿನಲ್ಲಿ ಹಬ್ಬದ ವಾರ ಹತ್ತು ಜನ ಕೌಂಟರಿಗೆ ಒರಗಿಕೊಂಡೇ ಇರ್ತಾರೆ. ಒಬ್ಬರು ಸ್ಟೂಲ್ ಮೇಲೆ ಕೂರ್ತಾರೆ, ಇನ್ನೊಬ್ಬರು ಲೇಸ್ ನೋಡ್ತಾ ನಿಲ್ತಾರೆ. ಅವರಿಬ್ಬರು ಎದುರುಬದುರು ಆಗಬಾರದು ಅನ್ನೋದಕ್ಕೆ ಅಂಗಡಿಯವನಿಗೆ ಒಂದು ಕಾರಣ ಇರಬೇಕು. ಅದಿಲ್ಲದಿದ್ರೆ ನಿಮ್ಮ ತಪ್ಪು ಮೆಸೇಜಿನಿಂದ ಯಾವ ತೊಂದರೆಯೂ ಇಲ್ಲ.

ತುಂಗಾತೀರ
ನಿಜ, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ. ಮೊದಲು ಯೋಚಿಸಿದ್ದು, ಇಬ್ಬರೂ ಮಾತು ಬಿಟ್ಟ ವಾರಗಿತ್ತಿಯರು ಅಂತ.

ಪಡುವಣ
ಸೀರಿಯಲ್ ಮಾಡ್ಬೇಡಿ ಮಾರಾಯ್ರೆ. ಎರಡನೇ ಕಂತಿನಲ್ಲಿ ಅತ್ತೆ ಬರ್ತಾರೆ.

ನಾಗಂದಿಗೆ
ಟೈಲರ್ ಅಂಗಡಿಯೊಳಗೇ ಕಾರಣ ಇದೆಯಲ್ಲ. ಅವನು ಎಲ್ಲರಿಗೂ ಹೇಳೋದು ಒಂದೇ ಸುಳ್ಳು, "ಎಲ್ಲಾ ಆಗಿದೆ ಮೇಡಂ, ಹುಕ್ಸ್ ಒಂದು ಬಾಕಿ." ಒಬ್ಬೊಬ್ಬರಿಗೇ ಹೇಳಿದ್ರೆ ನಡೆಯುತ್ತೆ. ಇಬ್ಬರು ಅಕ್ಕಪಕ್ಕ ನಿಂತಾಗ ಮೊದಲನೆಯವರಿಗೆ ಹೇಳಿದ್ದನ್ನೇ ಎರಡನೆಯವರಿಗೆ ಹೇಳೋಕಾಗಲ್ಲ. ನಗೆಗಥೆ ಬೇಕಿದ್ರೆ ಅಷ್ಟೇ ಸಾಕು.

ಕತ್ತರಿಕೈ
ಹುಕ್ಸ್ ಬಾಕಿ ಅನ್ನೋ ಸುಳ್ಳು ಬಟ್ಟೆ ಗೊತ್ತಿರೋ ಹೆಂಗಸಿನ ಮುಂದೆ ಅರ್ಧ ನಿಮಿಷ ನಿಲ್ಲಲ್ಲ. ಹುಕ್ಸ್ ಹಾಕೋದು ಕಟ್ಟಕಡೆಯ ಕೆಲಸ. ಲೈನಿಂಗ್ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ, ಕತ್ತರಿಸಿ, ಬಟ್ಟೆಗೆ ಕೂಡಿಸಿ, ಟಕ್ಸ್ ಹಿಡಿದು, ಪಟ್ಟಿ, ಭುಜ, ಕುತ್ತಿಗೆ, ತೋಳು, ಪಕ್ಕದ ಹೊಲಿಗೆ, ಹೆಮ್ಮಿಂಗ್ ಎಲ್ಲಾ ಆದಮೇಲೆ ಹುಕ್ಸ್. ಹುಕ್ಸ್ ಮಾತ್ರ ಬಾಕಿ ಅಂದ್ರೆ ಬ್ಲೌಸ್ ಹಾಕಿ ನೋಡಬಹುದು ಅಂತ ಅರ್ಥ. "ಹಾಗಾದ್ರೆ ಪಟ್ಟಿಗೆ ಪಿನ್ ಚುಚ್ಚಿ ಕೊಡಿ, ಟ್ರಯಲ್ ನೋಡ್ತೀನಿ" ಅಂದುಬಿಟ್ರೆ ಅವನ ಕಥೆ ಮುಗೀತು.

ಪಳಗಿದ ಅಂಗಡಿಯವನು ಬಟ್ಟೆಯನ್ನೇ ಅಂಗಡಿಯಿಂದ ಹೊರಗೆ ಕಳಿಸಿಬಿಡ್ತಾನೆ, ಬಾಯಲ್ಲಿ. "ಓವರ್‌ಲಾಕ್‌ಗೆ ಹೋಗಿದೆ", "ಕುಚ್ಚು ಕಟ್ಟೋರ ಮನೇಲಿದೆ". ಓವರ್‌ಲಾಕ್ ಮಷಿನ್ ಎಷ್ಟೋ ಅಂಗಡಿಗಳಲ್ಲಿ ಇರಲ್ಲ, ಬೇರೆ ಕಡೆ ಕೊಡ್ತಾರೆ. ಹಾಗಾಗಿ ಅದನ್ನ ಅಲ್ಲೇ ನಿಂತು ಸುಳ್ಳು ಅಂತ ಸಾಬೀತು ಮಾಡೋಕಾಗಲ್ಲ. ಇಷ್ಟಾದರೂ ಅವನನ್ನ ಹಿಡಿದುಕೊಡೋದು ಶೆಲ್ಫಿನ ಮೇಲಿನ ಗಂಟು. ಕತ್ತರಿಸದ ಬಟ್ಟೆಯನ್ನ ಅಳತೆ ಬ್ಲೌಸಿನ ಜೊತೆ ಸೇರಿಸಿ ಗಂಟು ಕಟ್ಟಿ ಇಟ್ಟಿರ್ತಾರೆ. ತನ್ನ ಹಳೇ ಬ್ಲೌಸಿನ ತೋಳು ಆ ಗಂಟಿನಿಂದ ಇಣುಕಿದ್ರೆ ಗಿರಾಕಿಗೆ ಎಲ್ಲಾ ಗೊತ್ತಾಗುತ್ತೆ.

ಸೀರೆಗಂಟು
ಪ್ರಶ್ನೆ ಬೇರೆ, ಕ್ಷಮಿಸಿ. ಕತ್ತರಿಕೈ ಅವರು ಇಲ್ಲಿ ಇರೋದ್ರಿಂದ ಕೇಳ್ತಿದ್ದೀನಿ. ನನ್ನ ಬ್ಲೌಸಿನ ಭುಜ ಜಾರ್ತಾನೇ ಇರುತ್ತೆ, ಎದೆ ಅಳತೆ ಮಾತ್ರ ಸರಿ ಇದೆ. ಪಕ್ಕದಲ್ಲಿ ಬಿಗಿ ಮಾಡಿಸಲಾ?

ಕತ್ತರಿಕೈ
ಬೇಡ. ಪಕ್ಕ ಬಿಗಿ ಮಾಡಿದ್ರೆ ಉಸಿರು ಕಟ್ಟುತ್ತೆ, ಭುಜ ಆಗಲೂ ಜಾರುತ್ತೆ. ಹಿಂದಿನ ಕುತ್ತಿಗೆ ಅಗಲ ಹೆಚ್ಚಾಗಿರುತ್ತೆ. ಕತ್ತರಿಸಿದ ಅಗಲವನ್ನ ವಾಪಸ್ ತರೋಕಾಗಲ್ಲ, ಹಿಂದೆ ಡೋರಿ ಹಾಕಿಸಿ ಎಳೆದು ಕಟ್ಟಿಕೊಳ್ಳಿ. ಮುಂದಿನ ಬ್ಲೌಸಿಗೆ ಅಳತೆ ಕೊಡುವಾಗ ಇದನ್ನ ಕೊಡಬೇಡಿ, ಟೈಲರ್ ಇದರ ತಪ್ಪನ್ನೂ ಅಳೆದು ಹೊಲೀತಾನೆ.

ತುಂಗಾತೀರ
ಗಂಟು ಚೆನ್ನಾಗಿದೆ. ಆದರೆ ಬಟ್ಟೆ ಕತ್ತರಿಸೇ ಇಲ್ಲ ಅಂದ್ರೆ ಅವನು ಅವರಿಗೆ ಹೊತ್ತು ಕೊಟ್ಟು ಕರೆಸೋದೇಕೆ? ಸುಳ್ಳು ಹೇಳೋಕೆ ಯಾರಾದರೂ ಗಿರಾಕಿಯನ್ನ ಕರೆಸ್ತಾರಾ? ಕರೆಸಬೇಕಾದ್ರೆ ಕೆಲಸ ಬಹುಪಾಲು ಆಗಿರಬೇಕು.

ಹೀಗೆ ಮಾಡಿದ್ರೆ? ಟೀಚರ್ ಮೊದಲು ಬಂದು ಟ್ರಯಲ್ ನೋಡ್ತಾರೆ, ಸಣ್ಣಪುಟ್ಟದ್ದು ಸರಿಮಾಡಿ ಕಳಿಸಿದ ಮೇಲೆ ಮಷಿನ್ ಖಾಲಿ ಆಗುತ್ತೆ, ಆಗ ಬ್ಯಾಂಕಿನವರ ಬ್ಲೌಸ್ ಮುಗಿಸ್ತಾರೆ. ಇಬ್ಬರೂ ಒಟ್ಟಿಗೆ ಬಂದಿದ್ದರಿಂದ ಎಲ್ಲಾ ಕೆಟ್ಟುಹೋಗುತ್ತೆ.

ಎರಡುಟಿಕ್ಕು
ಇದರಲ್ಲಿ ದೊಡ್ಡ ತೂತಿದೆ. ಟೀಚರ್ ಬೇಗ ಬರಲಿಲ್ಲ ಅಂದ್ರೆ ಮಷಿನ್ ಅಷ್ಟು ಹೊತ್ತು ಖಾಲಿನೇ ಇತ್ತಲ್ಲ. ಆ ಹೊತ್ತಿನಲ್ಲಿ ಬ್ಯಾಂಕಿನವರದ್ದು ಮುಗಿದಿರುತ್ತೆ. ತಪ್ಪು ಮೆಸೇಜಿನಿಂದ ಅಂಗಡಿಯವನಿಗೆ ಲಾಭ ಆಯ್ತು.

ತುಂಗಾತೀರ
ಅಯ್ಯೋ. ಹೌದು.

ಸಂಧಿಕಾಲ
ಮೆಸೇಜಿಗೆ ಒಂದು ಉಪಾಯ ಹೇಳ್ತೀನಿ, ಕನ್ನಡದಲ್ಲೇ ಇದೆ. ನಮ್ಮ ಅಂಗಡಿಯವರು ಟೈಪ್ ಮಾಡೋದು ಇಂಗ್ಲಿಷ್ ಅಕ್ಷರದಲ್ಲಿ. ಈ ಸಾಲು ನೋಡಿ:

`tailor 5 varege irtare. trial ge banni`

ಇದನ್ನ ಎರಡು ರೀತಿ ಓದಬಹುದು. ಟೈಲರ್ ಐದರವರೆಗೆ ಇರ್ತಾರೆ, ಅಂದ್ರೆ ಐದು ಗಂಟೆ ಒಳಗೆ ಬನ್ನಿ. ಅಥವಾ ಟೈಲರ್ ಐದೂವರೆಗೆ ಇರ್ತಾರೆ, ಅಂದ್ರೆ ಐದೂವರೆ ಗಂಟೆಗೆ ಬನ್ನಿ. ಕನ್ನಡ ಅಕ್ಷರದಲ್ಲಿ ಬರೆದಿದ್ರೆ ಒಂದು "ರ", ಒಂದು ದೀರ್ಘ ಎರಡನ್ನೂ ಬೇರೆ ಮಾಡ್ತಿತ್ತು. ಐದೂ ಅರೆ ಸೇರಿ ಐದೂವರೆ, ಅದಕ್ಕೆ "ಗೆ" ಹತ್ತಿದ್ರೆ ಐದೂವರೆಗೆ. ಇನ್ನೊಂದು "ವರೆಗೆ" ಎಲ್ಲೆ ಹೇಳುವ ಪದ, ಅದಕ್ಕೂ ಅರ್ಧಕ್ಕೂ ಸಂಬಂಧವೇ ಇಲ್ಲ. ಇಂಗ್ಲಿಷ್ ಅಕ್ಷರ, ಅದರ ಹಿಂದೆ ಅಂಕಿ ಬಂದಕೂಡಲೇ ಎರಡೂ ಒಂದೇ ಥರ ಕಾಣುತ್ತೆ.

ಅಂಗಡಿಯವನು ಟೀಚರಿಗೆ ಐದರೊಳಗೆ ಬನ್ನಿ ಅಂತ ಹೇಳಿದ್ದಾನೆ. ಟೀಚರ್ ಐದೂವರೆ ಅಂತ ಓದಿದ್ದಾರೆ. ಬ್ಯಾಂಕಿನವರಿಗೆ ಅವನು ನಿಜವಾಗಿ ಕೊಟ್ಟಿದ್ದೇ ಐದೂವರೆ.

ನಾಗಂದಿಗೆ
ಇದು ಇದು! ಕಳಿಸಿದವನು ಹತ್ತು ಸಲ ಓದಿದ್ರೂ ತಪ್ಪು ಕಾಣಲ್ಲ.

ಹುಬ್ಳಿಮಂದಿ
ನಮ್ಮ ಕಡೆ ಈ ತೊಂದರೀನ ಇಲ್ಲ ನೋಡ್ರಿ. ಐದರ ಮಟ ಇರ್ತೀನಿ ಅಂತೀವಿ, ಇಲ್ಲಾ ಐದರ ತನಕ. ವರೆಗೆ ಅನ್ನೂದು ಪುಸ್ತಕದ ಮಾತು. ಅಂಗಡ್ಯಾಗ ಯಾರು ಅಂತಾರ್ರೀ?

ಸಂಧಿಕಾಲ
ಮೈಸೂರು ಮಂಡ್ಯ ಕಡೆ ಇನ್ನೂ ಚೆಂದ, ಐದು ಗಂಟೆ ಗಂಟ. ಕಥೆ ಹುಬ್ಬಳ್ಳಿಯಲ್ಲಿ ನಡೆದಿದ್ದರೆ ಈ ತಪ್ಪು ಆಗ್ತಿರಲಿಲ್ಲ ಅನ್ನೋದು ಒಪ್ಪಿದೆ. ಶಿವಮೊಗ್ಗದಲ್ಲಿ "ವರೆಗೆ" ಬಾಯಲ್ಲೂ ಬರುತ್ತೆ, ಅಂಗಡಿ ಬೋರ್ಡಿನಲ್ಲಿ "10 ರಿಂದ 8 ರವರೆಗೆ" ಅಂತಲೂ ಇರುತ್ತೆ. ಆದರೆ ತಪ್ಪು ಊರಿಗೆ ಅಂಟಿಕೊಂಡಿದೆ ಅನ್ನೋದನ್ನ ಮರೀಬೇಡಿ, ಟೀಚರನ್ನ ಧಾರವಾಡದವರು ಮಾಡಿದ್ರೆ ಎಲ್ಲಾ ಬಿದ್ದುಹೋಗುತ್ತೆ.

ಎರಡುಟಿಕ್ಕು
ಒಪ್ಪಲ್ಲ. ಐದೂವರೆಗೆ ಅನ್ನಬೇಕಿದ್ರೆ ಎಲ್ಲರೂ 5.30 ಅಂತ ಒತ್ತುತ್ತಾರೆ. `5 varege` ನೋಡಿದ ಟೀಚರ್ ಅದನ್ನ 5.30 ಅಂತ ಯಾಕೆ ಓದ್ತಾರೆ? ಹೈಸ್ಕೂಲ್ ಟೀಚರ್ ಬೇರೆ.

ನಾಗಂದಿಗೆ
ಅದಕ್ಕೆ ಕಥೆಯಲ್ಲಿ ಮೊದಲೇ ಒಂದು ಬೀಜ ಹಾಕಬೇಕು. ಮೊದಲ ಪುಟದಲ್ಲೇ ಅವನ ಹಳೇ ಮೆಸೇಜ್ ಒಂದು ಬರಲಿ. ಹಿಂದಿನ ತಿಂಗಳು ಫಾಲ್ಸ್ ಹಾಕಿಸಿದ ಸೀರೆಗೆ `4 vare ge banni` ಅಂತ ಕಳಿಸಿರ್ತಾನೆ, ಆಗ ಟೀಚರ್ ನಾಲ್ಕೂವರೆಗೆ ಹೋಗಿರ್ತಾರೆ, ಸೀರೆ ಸಿಕ್ಕಿರುತ್ತೆ. ಈ ಮನುಷ್ಯ ಅರ್ಧಕ್ಕೆ ಚುಕ್ಕಿ ಮೂವತ್ತು ಹಾಕಲ್ಲ, ವರೆ ಅಂತಲೇ ಬರೀತಾನೆ ಅಂತ ಅವರಿಗೂ ಓದುಗರಿಗೂ ಅಭ್ಯಾಸ ಆಗಿರುತ್ತೆ. ಬುಧವಾರದ ಮೆಸೇಜ್ ಬಂದಾಗ ಓದುಗರೂ ಐದೂವರೆ ಅಂತಲೇ ಓದಿ ಮುಂದಕ್ಕೆ ಹೋಗ್ತಾರೆ. ಅಂಗಡಿಯವನು ಐದು ಗಂಟೆಗೆ ಗಡಿಯಾರ ನೋಡಿ "ಯಾಕೆ ಬರಲಿಲ್ಲ ಇವರು" ಅಂದಾಗಲೇ ಓದುಗರಿಗೆ ಹೊಳೀಬೇಕು.

ಆ ಹಳೇ ಮೆಸೇಜನ್ನ ವಿವರಿಸೋಕೆ ಹೋಗಬೇಡಿ ಮಾತ್ರ. ಒಂದೇ ಸಾಲು, ಬೇರೆ ಯಾವುದೋ ಕೆಲಸಕ್ಕೆ ಬಂದಂತೆ ಬಂದು ಹೋಗಲಿ.

ಪಡುವಣ
ವಾಯ್ಸ್ ಮೆಸೇಜ್ ಹಾಕಿದ್ರೆ ಮುಗೀತಲ್ಲ. ಈಗ ಅಂಗಡಿಯವರೆಲ್ಲ ಅದನ್ನೇ ಮಾಡೋದು.

ಸಂಧಿಕಾಲ
ವಾಯ್ಸಿನಲ್ಲಿ ದೀರ್ಘ ಕೇಳಿಸುತ್ತೆ, ಗೊಂದಲ ಇರಲ್ಲ.

ಹುಬ್ಳಿಮಂದಿ
ಎಲ್ಲಿ ಕೇಳಸ್ತದ್ರೀ? ಗಡಿಬಿಡಿ ಒಳಗ ಎಲ್ಲಾರೂ "ಐದುವರಿ" ಅಂತನ ಅಂತಾರ. ದೀರ್ಘ ಬರೂದು ವ್ಯಾಕರಣದ ತಾಸಿನ್ಯಾಗ.

ಸಂಧಿಕಾಲ
ಹಾಗಂದ್ರೆ ನಿಮ್ಮ ಕಡೆಯೂ ತೊಂದರೆ ಇದೆ ಅಂತಾಯ್ತು.

ಹುಬ್ಳಿಮಂದಿ
ಇಲ್ರೀ, ಮಟ ಐತಲ್ಲ.

ಕತ್ತರಿಕೈ
ವರೆಗೆ ಇರ್ತಾರೆ ಅನ್ನೋ ಸಾಲಿನಿಂದ ಮೇಲಿನ ತೂತೂ ಮುಚ್ಚುತ್ತೆ, ನೋಡಿ. ಟೈಲರ್ ಐದಕ್ಕೆ ಹೊರಟುಬಿಡ್ತಾನೆ. ಭದ್ರಾವತಿಯವನು ಅಂತ ಮಾಡಿ, ಬಸ್ ಹಿಡೀಬೇಕು. ಆಗ ಮಷಿನ್ ಖಾಲಿ ಇತ್ತು ಅನ್ನೋ ಪ್ರಶ್ನೆಯೇ ಬರಲ್ಲ. ಇದ್ದ ಹೊತ್ತಿನಲ್ಲಿ ಅವನು ಬ್ಯಾಂಕಿನವರದ್ದು ಪೂರ್ತಿ ಮುಗಿಸಿ, ಇಸ್ತ್ರಿ ಮಾಡಿ ಕವರಿಗೆ ಹಾಕಿಟ್ಟು ಹೋಗಿದ್ದಾನೆ. ಅದನ್ನ ಕೊಡೋಕೆ ಟೈಲರ್ ಬೇಕಿಲ್ಲ, ಅದಕ್ಕೇ ಅವರಿಗೆ ಐದೂವರೆ. ಟೀಚರದ್ದು ಟ್ರಯಲ್ ಹಂತದಲ್ಲಿದೆ, ಪಟ್ಟಿಗೆ ಪಿನ್ನು. ಟೈಲರ್ ಇರುವಾಗಲೇ ಹಾಕಿ ನೋಡಬೇಕು, ಅದಕ್ಕೇ ಐದರೊಳಗೆ.

ಇಬ್ಬರನ್ನೂ ದೂರ ಇಡೋಕೆ ಕಾರಣ ಬೇಕಿತ್ತಲ್ಲ? ಬಿಲ್ ನಂಬರ್. ಬಿಲ್ ಪುಸ್ತಕದಲ್ಲಿ ನಂಬರ್ ಸಾಲಾಗಿ ಅಚ್ಚಾಗಿರುತ್ತೆ. ಅಂಗಡಿ ಪ್ರತಿಗೆ ಗುರುತಿಗೆ ಬಟ್ಟೆಯ ಚೂರು ಕತ್ತರಿಸಿ ಪಿನ್ ಹೊಡೆದಿರ್ತಾರೆ, ಗಿರಾಕಿಗೆ ಕೊಡೋ ಚೀಟಿಯಲ್ಲಿ ನಂಬರ್, ಕೊಟ್ಟ ತಾರೀಕು, ಕೊಡುವ ತಾರೀಕು ಇರುತ್ತೆ. ಟೀಚರ್ ಹನ್ನೆರಡು ದಿನ ಮೊದಲು ಕೊಟ್ಟಿದ್ದಾರೆ, 412. ಬ್ಯಾಂಕಿನವರು ನಾಲ್ಕು ದಿನ ಮೊದಲು, ಅರ್ಜೆಂಟ್ ಅಂತ ಹೆಚ್ಚು ದುಡ್ಡು ಕೊಟ್ಟು, 437. ಹಿಂದೆ ಬಂದದ್ದು ಮುಂದೆ ಮುಗಿದಿದೆ. ಬ್ಲೌಸ್ ತಗೊಳ್ಳೋಕೆ ಇಬ್ಬರೂ ಚೀಟಿಯನ್ನ ಗಾಜಿನ ಕೌಂಟರ್ ಮೇಲೆ ಇಡಲೇಬೇಕು. ಎರಡು ಚೀಟಿ ಅಕ್ಕಪಕ್ಕ ಬಿದ್ದರೆ ಸಾಕು, ಯಾರೂ ಬಾಯಿ ಬಿಡಬೇಕಾಗಿಲ್ಲ.

ನಾಗಂದಿಗೆ
ಕೈ ಮುಗಿದೆ. ತುಂಗಾತೀರ ಅವರೇ, ಕಥೆ ನಿಮ್ಮದೋ ಕತ್ತರಿಕೈ ಅವರದ್ದೋ?

ತುಂಗಾತೀರ
ಈಗ ಅದೇ ಯೋಚನೆ. ಇನ್ನೊಂದು ಕೇಳ್ತೀನಿ. ಟೀಚರ್ ಹಾಕಿ ನೋಡಿದಾಗ ಬ್ಲೌಸ್ ಬಿಗಿ ಅಂತ ಮಾಡೋಣ ಅಂತಿದ್ದೀನಿ. ಟೈಲರ್ ಇಲ್ಲ, ಏನೂ ಮಾಡೋಕಾಗಲ್ಲ. ಸರಿಯಾ?

ಕತ್ತರಿಕೈ
ಬಿಗಿ ಎಲ್ಲಿ ಅನ್ನೋದರ ಮೇಲೆ ನಿಂತಿದೆ. ಎದೆಯ ಸುತ್ತ ಬಿಗಿಯಾಗಿದ್ರೆ ಟೈಲರ್ ಬೇಕೇ ಇಲ್ಲ. ಪಕ್ಕದಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಟ್ಟು, ಕಾಲಿಂಚು ಅಂತರದಲ್ಲಿ ಎರಡು ಮೂರು ಸಾಲು ಹೊಲಿಗೆ ಹಾಕಿರ್ತಾರೆ. ಅದು ಹಾಕಿರೋದೇ ಇದಕ್ಕೆ. ಎರಡೂ ಪಕ್ಕದಲ್ಲಿ ಒಳಗಿನ ಒಂದೊಂದು ಸಾಲನ್ನ ಬ್ಲೇಡಿನಿಂದ ಬಿಚ್ಚಿದ್ರೆ, ಒಂದು ಪಕ್ಕಕ್ಕೆ ಮುಂದಿನ ಭಾಗದಲ್ಲಿ ಕಾಲು, ಹಿಂದಿನ ಭಾಗದಲ್ಲಿ ಕಾಲು, ಒಟ್ಟು ನಾಲ್ಕು ಕಾಲಿಂಚು. ಸುತ್ತಳತೆ ಒಂದಿಂಚು ಸಡಿಲ ಆಯ್ತು. ಹತ್ತು ನಿಮಿಷದ ಕೆಲಸ, ಯಾರು ಬೇಕಾದ್ರೂ ಮಾಡಬಹುದು. ರೇಷ್ಮೆಯಾದರೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತಿನ ಸಾಲು ಕಾಣುತ್ತೆ, ತೋಳು ಕೆಳಗಿಳಿಸಿದರೆ ಮುಚ್ಚಿಕೊಳ್ಳುತ್ತೆ.

ಕಂಕುಳಲ್ಲಿ ಬಿಗಿಯಾಗಿದ್ರೆ ಬೇರೆ ಮಾತು. ತೋಳು ಬಿಚ್ಚಿ, ಮುಂಭಾಗದ ಬಟ್ಟೆಯನ್ನ ಸ್ವಲ್ಪ ಕೆತ್ತಿ, ಮತ್ತೆ ತೋಳು ಕೂರಿಸಬೇಕು. ಕತ್ತರಿ ಹಾಕಿದ ಮೇಲೆ ಹಿಂದಕ್ಕೆ ಬರೋಕಾಗಲ್ಲ. ಅದನ್ನ ಟೈಲರೇ ಮಾಡಬೇಕು. ಎರಡರಲ್ಲಿ ನಿಮಗೆ ಯಾವ ಕಥೆ ಬೇಕು ಅನ್ನೋದನ್ನ ತೀರ್ಮಾನ ಮಾಡಿ. ಗೊತ್ತಾಗೋದು ಸುಲಭ: ಕೈ ಕೆಳಗಿದ್ದಾಗಲೂ ಪಟ್ಟಿಯ ಮಧ್ಯೆ ಸಂದು ಬಿಟ್ಟರೆ ಎದೆ ಬಿಗಿ. ಪಟ್ಟಿ ಸರಿಯಾಗಿ ಕೂತು, ಕೈ ಎತ್ತಿದಾಗ ಇಡೀ ಬ್ಲೌಸ್ ಮೇಲೆ ಬಂದರೆ ಕಂಕುಳು.

ಸೀರೆಗಂಟು
ಹೊಸ ಬ್ಲೌಸ್ ಮೊದಲ ಸಲ ಸರಿ ಇದ್ದು, ಒಗೆದ ಮೇಲೆ ಬಿಗಿ ಆಗೋದು?

ಕತ್ತರಿಕೈ
ಲೈನಿಂಗ್ ನೆನೆಸದೆ ಕತ್ತರಿಸಿರ್ತಾರೆ. ಹತ್ತಿ ಲೈನಿಂಗ್ ಕುಗ್ಗುತ್ತೆ, ಮೇಲಿನ ಬಟ್ಟೆ ಕುಗ್ಗಲ್ಲ, ಸುಕ್ಕಾಗಿ ನಿಲ್ಲುತ್ತೆ. ಹಬ್ಬದ ಅವಸರದಲ್ಲಿ ಮೊದಲು ಬಿಟ್ಟುಬಿಡೋ ಕೆಲಸ ಅದೇ.

ತುಂಗಾತೀರ
ಕೊನೆಯ ಭಾಗ ಮತ್ತೆ ಬರೆದೆ. ಎದೆ ಬಿಗಿ ಅಂತಲೇ ಇಟ್ಟುಕೊಂಡೆ. ಓದಿ ಬೈಯಿರಿ:

*ಎರಡು ಚೀಟಿಗಳು ಗಾಜಿನ ಮೇಲೆ ಬಿದ್ದವು. ಫ್ಯಾನಿನ ಗಾಳಿಗೆ ಒಂದು ಹಾರಲು ನೋಡಿತು, ಬ್ಯಾಂಕಿನವರು ಬೆರಳು ಒತ್ತಿ ಹಿಡಿದರು. ಬೆರಳ ಪಕ್ಕದಲ್ಲಿ 437. ಟೀಚರು ತಮ್ಮ ಚೀಟಿ ನೋಡಿಕೊಂಡರು, ಆಮೇಲೆ ಅವರ ಚೀಟಿ ನೋಡಿದರು. ಪರೀಕ್ಷೆಯ ಪೇಪರು ನೋಡುವವರ ಹಾಗೆ ತಾರೀಕಿನಿಂದ ತಾರೀಕಿಗೆ ಕಣ್ಣು ಹೋಯಿತು.*

*"ಟೈಲರ್ ಐದಕ್ಕೇ ಹೋದ್ರು ಮೇಡಂ. ನಾನು ಮೆಸೇಜ್ ಹಾಕಿದ್ನಲ್ಲ."*

*"ಐದೂವರೆಗೆ ಇರ್ತಾರೆ ಅಂತ ಹಾಕಿದ್ರಿ."*

*"ಐದರವರೆಗೆ."*

*ಟೀಚರು ಫೋನು ತೆಗೆದು ಅವನ ಮುಂದೆ ಹಿಡಿದರು. ಅವನು ಓದಿದ. ಸರಿಯಾಗೇ ಇತ್ತು. ಬ್ಯಾಂಕಿನವರೂ ಬಗ್ಗಿ ಓದಿದರು, ಅವರಿಗೂ ಸರಿಯಾಗೇ ಕಂಡಿತು. ಯಾರಿಗೆ ಸರಿ ಅಂತ ಅವರು ಹೇಳಲಿಲ್ಲ.*

*ಪರದೆಯ ಹಿಂದೆ ಹೋಗಿ ಬಂದ ಟೀಚರು, "ಒಂದಿಂಚು ಬಿಗಿ. ಬ್ಲೇಡಿದೆಯಾ?" ಎಂದರು. ಸ್ಟೂಲಿನ ಮೇಲೆ ಕೂತು ಒಳಗಿನ ಹೊಲಿಗೆ ಬಿಚ್ಚತೊಡಗಿದರು. ಕವರು ಕೈಯಲ್ಲಿ ಹಿಡಿದ ಬ್ಯಾಂಕಿನವರು ಹೋಗಬಹುದಿತ್ತು. ಫೋನಿನ ಟಾರ್ಚು ಹಾಕಿ ಹೊಲಿಗೆಯ ಮೇಲೆ ಹಿಡಿದರು.*

*"ಹೆಮ್ಮಿಂಗ್, ಹುಕ್ಸ್ ಮನೇಲಿ ನಾನೇ ಹಾಕ್ಕೋತೀನಿ. ಒಂದು ಹುಕ್ಸ್ ಪ್ಯಾಕೆಟ್ ಕೊಡಿ."*

*ಅವನು ಡಬ್ಬಿಯಿಂದ ಪ್ಯಾಕೆಟ್ ತೆಗೆದ. ಅಭ್ಯಾಸಬಲದಿಂದ ಕೈ ಬಿಲ್ ಪುಸ್ತಕದ ಕಡೆ ಹೋಯಿತು.*

ನಾಗಂದಿಗೆ
ಫೋನ್ ತೋರಿಸುವ ಜಾಗ ಗಟ್ಟಿಯಾಗಿದೆ. ಟಾರ್ಚ್ ಹಿಡಿಯೋದು ಬೇಡ ಅನ್ನಿಸ್ತು. ಮೂರು ನಿಮಿಷದ ಹಿಂದೆ ಚೀಟಿ ನೋಡಿ ಮುಖ ಗಂಟಿಕ್ಕಿಕೊಂಡವರು ಇಷ್ಟು ಬೇಗ ಒಂದಾಗ್ತಾರಾ? ಬ್ಯಾಂಕಿನವರು ಕವರು ತಗೊಂಡು ಹೋಗಿಬಿಡಲಿ. ಇಲ್ಲಾ ಹೋಗೋಕೂ ಆಗದೆ ನಿಲ್ಲೋಕೂ ಆಗದೆ ಲೇಸ್ ನೋಡ್ತಾ ನಿಂತಿರಲಿ.

ಪಡುವಣ
ನನಗೆ ಟಾರ್ಚ್ ಇಷ್ಟ ಆಯ್ತು. ದುಡ್ಡು ಕೊಟ್ಟು ಮುಂದೆ ಹೋದವರಿಗೆ ಸ್ವಲ್ಪ ಚುಚ್ಚುತ್ತದೆ ಅಲ್ವಾ.

ಎರಡುಟಿಕ್ಕು
ಸಂಜೆ ಐದೂವರೆಗೆ ಟಾರ್ಚ್ ಯಾಕೆ ಬೇಕು? ಕತ್ತಲಾಗಿರಲ್ಲ.

ಕತ್ತರಿಕೈ
ಶ್ರಾವಣ, ಶಿವಮೊಗ್ಗ, ಮಳೆ ಮೋಡ, ಗಾಂಧಿ ಬಜಾರಿನ ಕಿರಿದಾದ ಅಂಗಡಿ. ಬಟ್ಟೆ ಬಣ್ಣದ ದಾರವನ್ನ ಬಟ್ಟೆ ಮೇಲೆ ಬಿಚ್ಚೋಕೆ ಬೆಳಕು ಬೇಕೇ ಬೇಕು, ಇಲ್ಲದಿದ್ರೆ ಬ್ಲೇಡ್ ರೇಷ್ಮೆಗೇ ತಾಗುತ್ತೆ. ಟಾರ್ಚ್ ಸರಿ. ಆದರೆ ಕರೆಂಟ್ ಇದೆಯಲ್ಲ, ಫ್ಯಾನ್ ತಿರುಗ್ತಿದೆ ಅಂತ ನೀವೇ ಬರೆದಿದ್ದೀರಿ. ಅಂಗಡಿಯ ಟ್ಯೂಬ್‌ಲೈಟ್ ಏನಾಯ್ತು ಅಂತ ಯಾರಾದ್ರೂ ಕೇಳ್ತಾರೆ.

ಇನ್ನೊಂದು ಸಣ್ಣದು. ಹೆಮ್ಮಿಂಗ್ ಆಗದ ಬ್ಲೌಸನ್ನ ಅಂಗಡಿಯವನು ಹಾಗೇ ಕೊಟ್ಟು ಕಳಿಸೋದು ಸುಲಭಕ್ಕೆ ಒಪ್ಪಲ್ಲ. ಹೆಮ್ಮಿಂಗ್, ಹುಕ್ಸ್ ಕೆಲಸವನ್ನ ಮನೆಯಲ್ಲಿ ಕೂತು ಮಾಡುವ ಹೆಂಗಸರಿಗೆ ಪೀಸಿಗಿಷ್ಟು ಅಂತ ಕೊಡ್ತಾರೆ. "ರಾತ್ರಿ ಹಾಕಿಸಿ ಬೆಳಿಗ್ಗೆ ಕೊಡ್ತೀನಿ ಮೇಡಂ" ಅಂತ ಅವನು ಒಂದು ಸಲವಾದ್ರೂ ಅನ್ನಬೇಕು, ಟೀಚರ್ ಬೇಡ ಅನ್ನಬೇಕು. ಹನ್ನೆರಡು ದಿನ ಕಾದವರು ಇನ್ನೊಂದು ರಾತ್ರಿ ನಂಬಲ್ಲ.

ತುಂಗಾತೀರ
ಫ್ಯಾನ್ ತೆಗೆದೆ. ಚೀಟಿಯನ್ನ ಬಾಗಿಲಿಂದ ಬಂದ ಮಳೆಗಾಳಿ ಹಾರಿಸಲಿ, ಕರೆಂಟ್ ಹೋಗಿರಲಿ. ಬೆಳಿಗ್ಗೆ ಕೊಡ್ತೀನಿ ಅನ್ನೋ ಮಾತು ಸೇರಿಸ್ತೀನಿ.

ಎರಡುಟಿಕ್ಕು
ಕರೆಂಟ್ ಹೋಗಿದ್ರೆ ಇಸ್ತ್ರಿ ಹೇಗೆ ಮಾಡಿದ್ರು?

ಕತ್ತರಿಕೈ
ಐದಕ್ಕೆ ಟೈಲರ್ ಹೋದ ಮೇಲೆ ಹೋಯ್ತು, ಅಷ್ಟೇ.

ಹುಬ್ಳಿಮಂದಿ
ನನಗ ಒಂದ ಗೊತ್ತಾಗಬೇಕು. ಹುಕ್ಸ್ ಪ್ಯಾಕೆಟ್ಟಿಗೆ ರೊಕ್ಕ ತಗೊಂಡನೋ ಇಲ್ಲೋ?

ನಾಗಂದಿಗೆ
ಬಿಲ್ ಪುಸ್ತಕದ ಕಡೆ ಕೈ ಹೋಯ್ತು, ಅಲ್ಲಿಗೆ ನಿಲ್ಲಿಸಿದ್ದು ಸರಿ. ಹೇಳಬಾರದು.

ಕತ್ತರಿಕೈ
ತಗೊಳ್ಳಲ್ಲ. ಹೊಲಿಗೆ ದುಡ್ಡಿನಲ್ಲೇ ಹುಕ್ಸ್ ಸೇರಿರುತ್ತೆ. ತಗೊಂಡ್ರೆ ಟೀಚರ್ ಹೊಲಿಗೆ ದುಡ್ಡಿನಲ್ಲಿ ಹೆಮ್ಮಿಂಗ್ ಎಷ್ಟು ಕಡಿಮೆ ಮಾಡ್ತೀರಿ ಅಂತ ಕೇಳ್ತಾರೆ.

ಹುಬ್ಳಿಮಂದಿ
ತಗೋತಾನ್ರೀ. ಮ್ಯಾಚಿಂಗ್ ಸೆಂಟರ್ ಅಂವ, ಹುಕ್ಸ್ ಮಾರೂದ ಅಂವನ ಧಂದೆ.

ಹಳ್ಳಿಮೇಷ್ಟ್ರು
ತಗೊಂಡರೆ ಅದಕ್ಕೂ ಬಿಲ್ ಕೇಳಿ.